ಫ್ರೀ ಬೆಟ್‌ಗಳ ‘ಖಚಿತ ಲಾಭ’: ಲೆಕ್ಕ ತಪ್ಪದಿದ್ದರೂ ಹಣ ಹೋದ ಬಗೆ

ಬೆಟ್ಟಿಂಗ್ ಕಂಪನಿಗಳು ಹೊಸ ಗ್ರಾಹಕರಿಗೆ ಕೊಡುವ ಫ್ರೀ ಬೆಟ್‌ಗಳನ್ನು ಅಪಾಯವಿಲ್ಲದೆ ನಗದಾಗಿಸಿಕೊಳ್ಳುವ ವಿಧಾನವನ್ನು ಮ್ಯಾಚ್ಡ್ ಬೆಟ್ಟಿಂಗ್ ಎನ್ನುತ್ತಾರೆ. ಇದನ್ನು ವಿವರಿಸುವವರು ‘ಇದು ಜೂಜಲ್ಲ, ಬರೀ ಗಣಿತ’ ಎಂದು ಮೊದಲೇ ಭರವಸೆ ಕೊಡುತ್ತಾರೆ. ಗಣಿತದ ಮಟ್ಟಿಗೆ ಆ ಮಾತು ನಿಜ. ಆದರೂ ಯಾರೇ ಗೆದ್ದರೂ ಸುಮಾರು 74 ಕೈಗೆ ಬರಬೇಕಿದ್ದ ಒಂದು ಬಾಜಿಯಲ್ಲಿ ನನ್ನ 326 ಹೋಯಿತು, ಮತ್ತು ಆ ಲೆಕ್ಕದಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಅದು ಹೇಗಾಯಿತೆಂದು ತಿಳಿಯಲು ಮೊದಲು ವಿಧಾನವನ್ನೇ ನೋಡಬೇಕಾಗುತ್ತದೆ. ಯಾವ ದೇಶದ ಹಣಕ್ಕೂ ಈ ಲೆಕ್ಕ ಒಂದೇ ಆದ್ದರಿಂದ ಮೊತ್ತಗಳನ್ನು ಬರೀ ಅಂಕಿಗಳಲ್ಲಿ ಕೊಡುತ್ತೇನೆ.

ಇದರಲ್ಲಿ ಎರಡು ಖಾತೆಗಳು ಬೇಕು. ಒಂದು ಬುಕ್‌ಮೇಕರ್ ಬಳಿ, ಅಂದರೆ ಬೆಟ್ಟಿಂಗ್ ಕಂಪನಿಯಲ್ಲಿ. ಅಲ್ಲಿ ‘ಈತ ಗೆಲ್ಲುತ್ತಾನೆ’ ಎಂದು ಹಣ ಕಟ್ಟುತ್ತೇವೆ, ಅದು ಬ್ಯಾಕ್ ಬೆಟ್. ಇನ್ನೊಂದು ಎಕ್ಸ್‌ಚೇಂಜ್‌ನಲ್ಲಿ. ಅಲ್ಲಿ ಬಾಜಿ ನಡೆಯುವುದು ಕಂಪನಿಯ ಎದುರಲ್ಲ, ನಮ್ಮಂಥ ಇನ್ನೊಬ್ಬ ಗ್ರಾಹಕನ ಎದುರು. ಹಾಗಾಗಿ ‘ಈತ ಗೆಲ್ಲುವುದಿಲ್ಲ’ ಎಂದೂ ಹಣ ಕಟ್ಟಬಹುದು, ಅದು ಲೇ ಬೆಟ್. 2000ರಲ್ಲಿ ಬ್ರಿಟನ್ನಿನಲ್ಲಿ ಬೆಟ್‌ಫೇರ್ ಎಂಬ ಎಕ್ಸ್‌ಚೇಂಜ್ ಆರಂಭವಾದ ಮೇಲೆ ಈ ಬಗೆಯ ವ್ಯವಹಾರ ಸಾಮಾನ್ಯರ ಕೈಗೆಟುಕಿತು. ಒಬ್ಬನೇ ಆಟಗಾರನ ಮೇಲೆ ಒಂದು ಕಡೆ ಬ್ಯಾಕ್, ಇನ್ನೊಂದು ಕಡೆ ಲೇ ಮಾಡಿದರೆ ಫಲಿತಾಂಶ ಏನೇ ಬಂದರೂ ಒಂದು ಬಾಜಿಯ ಗೆಲುವು ಇನ್ನೊಂದರ ಸೋಲನ್ನು ಹೆಚ್ಚುಕಡಿಮೆ ತುಂಬಿಕೊಡುತ್ತದೆ. ಉಳಿಯುವುದು ಕಂಪನಿ ಬಿಟ್ಟಿಯಾಗಿ ಕೊಟ್ಟ ಬಾಜಿಯ ಬೆಲೆ.

ಫ್ರೀ ಬೆಟ್ ಸಾಮಾನ್ಯವಾಗಿ ಸುಮ್ಮನೆ ಬರುವುದಿಲ್ಲ. ಮೊದಲು ಸ್ವಂತ ಹಣದಿಂದ ಒಂದು ಅರ್ಹತಾ ಬಾಜಿ ಕಟ್ಟಬೇಕು. ಬುಕ್‌ಮೇಕರ್ ಬಳಿ 2.10 ಆಡ್ಸ್‌ಗೆ 100 ಕಟ್ಟಿದೆವು ಎಂದುಕೊಳ್ಳಿ; ಅಂದರೆ ಗೆದ್ದರೆ ಕಟ್ಟಿದ ಹಣವೂ ಸೇರಿ ಅದರ 2.10 ಪಟ್ಟು, 210, ಕೈಗೆ ಬರುತ್ತದೆ. ಎಕ್ಸ್‌ಚೇಂಜ್‌ನಲ್ಲಿ ಅದೇ ಆಟಗಾರನ ಲೇ ಆಡ್ಸ್ 2.14, ಗೆದ್ದ ಹಣದ ಮೇಲಿನ ಕಮಿಷನ್ ಶೇಕಡಾ 5. ಕಟ್ಟಿದ ಹಣವನ್ನು ಬ್ಯಾಕ್ ಆಡ್ಸ್‌ನಿಂದ ಗುಣಿಸಿ, ಲೇ ಆಡ್ಸ್‌ನಲ್ಲಿ ಕಮಿಷನ್‌ನ 0.05 ಕಳೆದು ಉಳಿದುದರಿಂದ ಭಾಗಿಸಿದರೆ ಲೇ ಮಾಡಬೇಕಾದ ಮೊತ್ತ ಸಿಗುತ್ತದೆ: 210 ÷ 2.09 = 100.48. ಇಷ್ಟು ಲೇ ಮಾಡಿದರೆ ಯಾರು ಗೆದ್ದರೂ ಸುಮಾರು 4.55 ನಷ್ಟ. ಫ್ರೀ ಬೆಟ್ ಪಡೆಯಲು ತೆರುವ ಬೆಲೆ ಇದು.

ನಂತರ ಬರುವ 100ರ ಫ್ರೀ ಬೆಟ್‌ನ ಲೆಕ್ಕ ಸ್ವಲ್ಪ ಬೇರೆ. ಬಹುತೇಕ ಫ್ರೀ ಬೆಟ್‌ಗಳಲ್ಲಿ ಗೆದ್ದರೆ ಲಾಭ ಮಾತ್ರ ಸಿಗುತ್ತದೆ, ಕಟ್ಟಿದ 100 ಹಿಂದಿರುಗುವುದಿಲ್ಲ. ಆದ್ದರಿಂದ ಹೆಚ್ಚು ಆಡ್ಸ್ ಇರುವ, ಅಂದರೆ ಗೆಲ್ಲುವ ಸಾಧ್ಯತೆ ಕಡಿಮೆ ಇರುವ ಆಟಗಾರನನ್ನು ಹಿಡಿದಷ್ಟೂ ಫ್ರೀ ಬೆಟ್‌ನ ಹೆಚ್ಚು ಪಾಲು ನಗದಾಗುತ್ತದೆ. 2ರ ಆಸುಪಾಸಿನ ಆಡ್ಸ್‌ನಲ್ಲಿ ಅರ್ಧವೂ ಸಿಗುವುದಿಲ್ಲ. ನಾನು ಹಿಡಿದದ್ದು ಒಂದು ಟೆನಿಸ್ ಪಂದ್ಯದ ದುರ್ಬಲ ಆಟಗಾರನನ್ನು. ಬ್ಯಾಕ್ ಆಡ್ಸ್ 5.0, ಲೇ ಆಡ್ಸ್ 5.2. ಇಲ್ಲಿ ಭಾಗಿಸಬೇಕಾದದ್ದು ಗೆದ್ದರೆ ಸಿಗುವ ಲಾಭವನ್ನು ಮಾತ್ರ, ಹಾಗಾಗಿ ಲೇ ಮೊತ್ತ 400 ÷ 5.15 = 77.67. ಆತ ಸೋತರೆ ಎಕ್ಸ್‌ಚೇಂಜ್‌ನಲ್ಲಿ ಕಮಿಷನ್ ಕಳೆದು 73.79 ಬರುತ್ತದೆ. ಗೆದ್ದರೆ ಬುಕ್‌ಮೇಕರ್ ಕೊಡುವ 400ರಲ್ಲಿ ಎಕ್ಸ್‌ಚೇಂಜ್‌ಗೆ 77.67 × 4.2 = 326.21 ತೆತ್ತು ಅದೇ 73.79 ಉಳಿಯುತ್ತದೆ.

ಆ 326.21ರ ಮೇಲೆ ಸ್ವಲ್ಪ ಕಣ್ಣಿಡಿ. ಲೇ ಬೆಟ್‌ನ ಲಯಬಿಲಿಟಿ ಎಂದರೆ ಅದೇ. ಬಾಜಿ ಇತ್ಯರ್ಥವಾಗುವವರೆಗೆ ಎಕ್ಸ್‌ಚೇಂಜ್ ಅಷ್ಟು ಹಣವನ್ನು ನಮ್ಮ ಖಾತೆಯಲ್ಲಿ ತಡೆಹಿಡಿಯುತ್ತದೆ. 100ರ ಬಿಟ್ಟಿ ಬಾಜಿಗಾಗಿ ಅದರ ಮೂರು ಪಟ್ಟಿಗೂ ಹೆಚ್ಚು ಸ್ವಂತ ಹಣವನ್ನು ಒತ್ತೆ ಇಡುತ್ತಿದ್ದೇವೆ. ‘ಎರಡೂ ಕಡೆ ಒಂದೇ ಫಲಿತಾಂಶ ಬರುತ್ತದೆ’ ಎಂಬ ಒಂದೇ ನಂಬಿಕೆ ಆ ಹಣಕ್ಕೆ ಕಾವಲು. ವಿಧಾನವನ್ನು ಕಲಿಸುವ ಬರಹಗಳಲ್ಲಿ ಲಾಭದ ಅಂಕಿ ದಪ್ಪಕ್ಷರದಲ್ಲಿರುತ್ತದೆ, ಲಯಬಿಲಿಟಿ ಕ್ಯಾಲ್ಕ್ಯುಲೇಟರ್‌ನ ಒಂದು ಮೂಲೆಯಲ್ಲಿರುತ್ತದೆ.

ಪಂದ್ಯದ ಮೊದಲ ಸೆಟ್ ಮುಗಿಯಿತು. ಎರಡನೇ ಸೆಟ್‌ನ ನಡುವೆ, ಗೆಲ್ಲಬೇಕಿದ್ದ ಬಲಿಷ್ಠ ಆಟಗಾರ ಗಾಯಗೊಂಡು ಪಂದ್ಯವನ್ನು ಅರ್ಧಕ್ಕೇ ಬಿಟ್ಟು ನಿವೃತ್ತನಾದ. ನಾನು ಲೇ ಮಾಡಿದ್ದ ದುರ್ಬಲ ಆಟಗಾರ ಮುಂದಿನ ಸುತ್ತಿಗೆ ಹೋದ. ಎಕ್ಸ್‌ಚೇಂಜ್‌ನ ನಿಯಮದ ಪ್ರಕಾರ ಒಂದು ಸೆಟ್ ಪೂರ್ತಿಯಾಗಿದ್ದರೆ ಬಾಜಿ ಊರ್ಜಿತ, ಮುಂದಿನ ಸುತ್ತಿಗೆ ಹೋದವನೇ ವಿಜೇತ, ನನ್ನ 326.21 ಹೋಯಿತು. ಬುಕ್‌ಮೇಕರ್‌ನ ನಿಯಮದ ಪ್ರಕಾರ ಪಂದ್ಯ ಪೂರ್ಣವಾಗಿ ಆಡಿ ಮುಗಿಯದಿದ್ದರೆ ವಿಜೇತನ ಮೇಲಿನ ಎಲ್ಲ ಬಾಜಿಗಳೂ ರದ್ದು. ಬರಬೇಕಿದ್ದ 400 ಬರಲೇ ಇಲ್ಲ. ಸ್ವಂತ ಹಣ ಕಟ್ಟಿದ್ದರೆ ಅದಾದರೂ ಹಿಂದಿರುಗುತ್ತಿತ್ತು. ಇದು ಫ್ರೀ ಬೆಟ್. ರದ್ದಾದ ಫ್ರೀ ಬೆಟ್ ಅನ್ನು ಕೆಲವು ಕಂಪನಿಗಳು ಮರಳಿ ಕೊಡುತ್ತವೆ, ಕೆಲವು ಕೊಡುವುದಿಲ್ಲ. ನನ್ನದು ಕೊಡದ ಕಂಪನಿ. ದೂರಿಗೆ ಬಂದ ಉತ್ತರದಲ್ಲಿ ನಿಯಮದ ಸಂಖ್ಯೆಯೂ ಅದರ ಪಠ್ಯವೂ ಇದ್ದವು, ವಾದಿಸಲು ಏನೂ ಉಳಿದಿರಲಿಲ್ಲ. ಎರಡೂ ಕಡೆಯವರು ತಂತಮ್ಮ ಕರಾರಿನಂತೆಯೇ ನಡೆದುಕೊಂಡಿದ್ದರು.

ಗೆಲ್ಲಬೇಕಾದವನು ಸರಿಯಾಗಿ ಆಡಿ ಗೆದ್ದಿದ್ದರೆ ಅಥವಾ ಸೋತಿದ್ದರೆ ಈ ವ್ಯತ್ಯಾಸ ಎಂದೂ ಗೊತ್ತಾಗುತ್ತಿರಲಿಲ್ಲ. ಟೆನಿಸ್‌ನಲ್ಲಿ ನಿವೃತ್ತಿಯ ಬಗ್ಗೆ ಕಂಪನಿಗಳ ನಿಯಮಗಳು ಮುಖ್ಯವಾಗಿ ಮೂರು ಬಗೆ: ಮೊದಲ ಪಾಯಿಂಟ್ ಆಡಿದರೆ ಸಾಕು ಎನ್ನುವವು, ಒಂದು ಸೆಟ್ ಮುಗಿಯಬೇಕು ಎನ್ನುವವು, ಇಡೀ ಪಂದ್ಯ ಮುಗಿಯಬೇಕು ಎನ್ನುವವು. ಆಡ್ಸ್ ತೋರಿಸುವ ಪುಟದಲ್ಲಿ ಇದು ಇರುವುದಿಲ್ಲ; ಸೈಟಿನ ಕೆಳಭಾಗದ ನಿಯಮಗಳ ಕೊಂಡಿ ಒತ್ತಿ, ಟೆನಿಸ್ ವಿಭಾಗಕ್ಕೆ ಹೋಗಿ, ಎರಡೂ ಕಡೆಯ ಪಠ್ಯವನ್ನು ಅಕ್ಕಪಕ್ಕ ಇಟ್ಟು ಓದಬೇಕು. ಎರಡೂ ಒಂದೇ ಬಗೆಯವಲ್ಲದಿದ್ದರೆ ಆ ಪಂದ್ಯವನ್ನು ಬಿಟ್ಟುಬಿಡುವುದೇ ಮೇಲು. ಫುಟ್‌ಬಾಲ್ ಪಂದ್ಯದ ಫಲಿತಾಂಶದ ಬಾಜಿ ಸಾಮಾನ್ಯವಾಗಿ ಎರಡೂ ಕಡೆ 90 ನಿಮಿಷ ಮತ್ತು ಇಂಜುರಿ ಟೈಮ್‌ಗೆ ಸೇರಿದ್ದು, ಹೆಚ್ಚುವರಿ ಸಮಯ ಅದರಲ್ಲಿ ಬರುವುದಿಲ್ಲ. ಅಲ್ಲಿ ಈ ಅಪಾಯ ಬಹಳ ಕಡಿಮೆ, ಆದರೆ ಅರ್ಧಕ್ಕೆ ನಿಂತ ಪಂದ್ಯದ ನಿಯಮವನ್ನು ಅಲ್ಲಿಯೂ ನೋಡಲೇಬೇಕು.

ಬುಕ್‌ಮೇಕರ್ ಬಾಜಿ ರದ್ದು ಮಾಡುವ ಇನ್ನೊಂದು ದಾರಿ ಆಡ್ಸ್‌ನ ಸ್ಪಷ್ಟ ತಪ್ಪು. ಎಕ್ಸ್‌ಚೇಂಜ್‌ಗಿಂತ ಬಹಳ ಹೆಚ್ಚಿನ ಆಡ್ಸ್ ಎಲ್ಲಾದರೂ ಕಂಡರೆ ಅದು ಲಾಭವಲ್ಲ, ಟೈಪಿಂಗ್ ತಪ್ಪಿರಬಹುದು. ಹಾಗಿದ್ದರೆ ಕಂಪನಿ ಬ್ಯಾಕ್ ಬೆಟ್ ಅನ್ನು ಪಂದ್ಯ ಮುಗಿದ ಮೇಲೂ ರದ್ದು ಮಾಡಬಹುದು ಅಥವಾ ಸರಿಯಾದ ಆಡ್ಸ್‌ನಲ್ಲಿ ಇತ್ಯರ್ಥಪಡಿಸಬಹುದು, ಎಕ್ಸ್‌ಚೇಂಜ್‌ನ ಲೇ ಮಾತ್ರ ಇದ್ದಂತೆಯೇ ಇರುತ್ತದೆ.

ಈ ನಷ್ಟವನ್ನು ಮುಂದಿನ ಕೊಡುಗೆಗಳಲ್ಲಿ ತುಂಬಿಕೊಳ್ಳಬಹುದಲ್ಲ ಎಂದು ನನಗೆ ಹೇಳಿದವರಿದ್ದಾರೆ. ಅರ್ಹತಾ ಬಾಜಿಯ ಖರ್ಚು ಕಳೆದರೆ ಒಂದು ಕೊಡುಗೆಯಿಂದ ಉಳಿಯುವುದು 69ರಷ್ಟು. ಅಂದರೆ ಈ ಮಟ್ಟದ ಐದು ಕೊಡುಗೆಗಳು ಬೇಕು, ಮತ್ತು ಆ ಕೊಡುಗೆಗಳನ್ನು ಕೊಡಲು ಯಾರಾದರೂ ಒಪ್ಪಬೇಕು. ಇಷ್ಟರಲ್ಲೇ ಆ ಬುಕ್‌ಮೇಕರ್‌ನಿಂದ ಎರಡು ಸಾಲಿನ ಇಮೇಲ್ ಬಂತು: ನಿಮ್ಮ ಖಾತೆ ಇನ್ನು ಮುಂದೆ ಪ್ರಚಾರದ ಕೊಡುಗೆಗಳಿಗೆ ಅರ್ಹವಲ್ಲ. ಕೆಲವು ಕಡೆ ಇಮೇಲ್ ಕೂಡ ಬರುವುದಿಲ್ಲ. 50 ಎಂದು ಬರೆದು ಒತ್ತಿದರೆ ಗರಿಷ್ಠ ಮೊತ್ತ 1.20 ಎಂದು ಪರದೆಯ ಮೇಲೆ ಬಂದಾಗ ಖಾತೆಗೆ ಮಿತಿ ಬಿದ್ದಿದೆಯೆಂದು ಅರ್ಥಮಾಡಿಕೊಳ್ಳಬೇಕು. ಲೇ ಮೊದಲು ಮಾಡಿ ಬ್ಯಾಕ್ ಆಮೇಲೆ ಎಂಬ ಅಭ್ಯಾಸದವರಿಗೆ ಇದು ವಿಶೇಷವಾಗಿ ಅಪಾಯಕರ. ಒಂದು ಕಡೆ ಪೂರ್ತಿ ಲಯಬಿಲಿಟಿ ಕುಳಿತಿರುತ್ತದೆ, ಇನ್ನೊಂದು ಕಡೆ ಬಾಜಿಯನ್ನೇ ಸ್ವೀಕರಿಸುವುದಿಲ್ಲ.

ಕಂಪನಿಗೆ ಇದು ಗೊತ್ತಾಗುವುದು ಕಷ್ಟವೇನಲ್ಲ. ಕೊಡುಗೆ ಇದ್ದಾಗ ಮಾತ್ರ ಬರುವವನು, ಅರ್ಹತೆಗೆ ಬೇಕಾದಷ್ಟೇ ಕಟ್ಟುವವನು, ಎಕ್ಸ್‌ಚೇಂಜ್‌ನ ಆಡ್ಸ್‌ಗೆ ತೀರ ಹತ್ತಿರವಿರುವ ಬಾಜಿಗಳನ್ನೇ ಆರಿಸುವವನು, ಗೆದ್ದ ತಕ್ಷಣ ಹಣ ತೆಗೆಯುವವನು ಒಬ್ಬನೇ ಆದಾಗ ಅವನು ಸಾಮಾನ್ಯ ಗ್ರಾಹಕನಲ್ಲ ಎಂದು ಅವರ ವ್ಯವಸ್ಥೆ ಗುರುತಿಸುತ್ತದೆ. ಮರೆಮಾಚಲು ನಡುನಡುವೆ ಕೊಡುಗೆಯಿಲ್ಲದ ಬಾಜಿಗಳನ್ನು ಕಟ್ಟಿ ಎಂಬ ಸಲಹೆಯಿದೆ. ಅಂಥ ಪ್ರತಿ ಬಾಜಿಗೂ ಮೇಲಿನ 4.55ರಂಥ ಒಂದು ಸಣ್ಣ ನಷ್ಟವಿರುತ್ತದೆ, ಮತ್ತು ಆ ವೇಷ ಎಷ್ಟು ಕಾಲ ಉಳಿಯುತ್ತದೆಂದು ಯಾರೂ ಖಾತರಿ ಕೊಡಲಾರರು. ಲೇ ಮಾಡದೆಯೇ ಕಟ್ಟಿದರಂತೂ ಅದು ನೇರವಾಗಿ ಜೂಜು, ಎಷ್ಟೋ ಜನ ‘ಬರೀ ಗಣಿತ’ದಿಂದ ಅಲ್ಲಿಗೆ ಜಾರುವುದು ಹೀಗೆಯೇ.

ಮಿತಿ ಬಿದ್ದ ಮೇಲೆ ಕೇಳಿಬರುವ ಮುಂದಿನ ಸಲಹೆ ಮನೆಯವರ ಹೆಸರಿನಲ್ಲಿ ಖಾತೆ ತೆರೆಯುವುದು. ಇದನ್ನು ಮಾಡಬೇಡಿ. ಒಬ್ಬ ವ್ಯಕ್ತಿಗೆ ಒಂದೇ ಖಾತೆ ಎಂಬುದು ಸಾಮಾನ್ಯವಾಗಿ ಎಲ್ಲ ಬುಕ್‌ಮೇಕರ್‌ಗಳ ಷರತ್ತು. ಬೇರೆಯವರ ಖಾತೆಯನ್ನು ನಾವು ನಡೆಸಿದರೆ ಗೆಲುವನ್ನು ಮುಟ್ಟುಗೋಲು ಹಾಕಿಕೊಳ್ಳಲು ಅವರಿಗೆ ಕಾರಣ ಸಿಕ್ಕಂತಾಗುತ್ತದೆ, ಮತ್ತು ಇನ್ನೊಬ್ಬರ ಗುರುತಿನಲ್ಲಿ ವ್ಯವಹರಿಸುವುದು ಕೆಲವು ಕಡೆ ವಂಚನೆಯ ಆರೋಪದವರೆಗೂ ಹೋಗಬಹುದು. ಪರಿಶೀಲನೆ ಹಣ ತೆಗೆಯುವಾಗಲೂ ಬರಬಹುದು: ಗುರುತಿನ ಚೀಟಿ, ವಿಳಾಸದ ದಾಖಲೆ, ಕೆಲವೊಮ್ಮೆ ಹಣದ ಮೂಲ ತೋರಿಸುವ ಬ್ಯಾಂಕ್ ಸ್ಟೇಟ್‌ಮೆಂಟ್.

ದಾಖಲೆಗಳು ನಮ್ಮವೇ ಆಗಿದ್ದರೂ ಆ ಕೆಲಸಕ್ಕೆ ಸಮಯ ಹಿಡಿಯುತ್ತದೆ, ಅಷ್ಟರವರೆಗೆ ಹಣ ಅಲ್ಲಿಯೇ ಸಿಕ್ಕಿಕೊಂಡಿರುತ್ತದೆ. ಬ್ಯಾಕ್ ಬೆಟ್‌ಗಳು ಸಾಲಾಗಿ ಗೆದ್ದರೆ ಬುಕ್‌ಮೇಕರ್ ಖಾತೆ ತುಂಬುತ್ತಾ ಹೋಗಿ ಎಕ್ಸ್‌ಚೇಂಜ್ ಖಾತೆ ಬರಿದಾಗುತ್ತದೆ. ಕಾಗದದ ಮೇಲೆ ಲಾಭದಲ್ಲಿದ್ದರೂ ಮುಂದಿನ ಲೇ ಮಾಡಲು ಕೈಯಲ್ಲಿ ಹಣವಿರುವುದಿಲ್ಲ. ಹಾಗಾಗಿ ನಾವಿರುವ ಕಡೆಯ ಕಾನೂನು ಎರಡೂ ಬಗೆಯ ಖಾತೆಗಳಿಗೆ ಅವಕಾಶ ಕೊಟ್ಟಿದ್ದರೂ, ಮೊದಲ ಬಾಜಿಗೆ ಮುಂಚೆಯೇ ಗುರುತಿನ ಪರಿಶೀಲನೆ ಮುಗಿಸಿ, ಕೊಡುಗೆಯ ಷರತ್ತು ಮತ್ತು ಆ ಕ್ರೀಡೆಯ ಇತ್ಯರ್ಥ ನಿಯಮಗಳ ಪರದೆಚಿತ್ರಗಳನ್ನು ದಿನಾಂಕ ಸಮೇತ ಉಳಿಸಿಕೊಳ್ಳುವುದು ಒಳ್ಳೆಯದು. ನಿಯಮದ ಪುಟಗಳು ಬದಲಾಗುತ್ತಿರುತ್ತವೆ, ದೂರು ಕೊಡುವಾಗ ಬಾಜಿ ಕಟ್ಟಿದ ದಿನದ ಪಠ್ಯವೇ ಬೇಕಾಗುತ್ತದೆ.