ಲಾಕ್ ಆದ ಫೋನಿನಲ್ಲಿ ಮನೆಯವರ ನಂಬರ್: ನಾಲ್ಕು ವರ್ಷ ಬಳಸಿದ ಮೇಲೆ

ದುಡ್ಡು ಕೊಟ್ಟು ಕೊಂಡ ವಸ್ತುವಿನ ವಿಮರ್ಶೆ ಇದಲ್ಲ. ಈಗ ಬಹುತೇಕ ಎಲ್ಲ ಸ್ಮಾರ್ಟ್‌ಫೋನಿನಲ್ಲೂ ಒಂದು ಸೌಲಭ್ಯ ಇರುತ್ತದೆ. ನಮಗೆ ಏನಾದರೂ ಆಗಿ ಮಾತಾಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ, ಎತ್ತಿಕೊಂಡವರು ಲಾಕ್ ತೆಗೆಯದೆಯೇ ಮನೆಯವರಿಗೆ ಫೋನ್ ಮಾಡಬಹುದು. 2021ರಲ್ಲಿ ಅದನ್ನು ನನ್ನ ಫೋನಿಗೆ ಹಾಕಿಕೊಂಡೆ. ಆಮೇಲೆ ಹೆಂಡತಿಯ ಐಫೋನಿಗೆ, ಅಪ್ಪನ ಆಂಡ್ರಾಯ್ಡ್‌ಗೆ ಹಾಕಿಕೊಟ್ಟೆ. ಒಮ್ಮೆ ನಿಜವಾಗಿಯೂ ಬೇಕಾಯಿತು. ಆಗ ಕೆಲಸಕ್ಕೆ ಬಂದದ್ದು ಯಾವುದು, ಬಾರದ್ದು ಯಾವುದು ಅನ್ನುವುದೇ ಇಲ್ಲಿನ ವಿಷಯ.

ಹಾಕಿಕೊಳ್ಳಲು ಕಾರಣವಾದದ್ದು ನಮ್ಮ ಚಿಕ್ಕಪ್ಪನ ಮಗ. ಗಾಡಿಯಿಂದ ಬಿದ್ದು ಆಸ್ಪತ್ರೆ ಸೇರಿದ್ದ, ನಮಗೆ ತಿಳಿದದ್ದು ಮೂರೂವರೆ ಗಂಟೆ ಆದ ಮೇಲೆ. ಅವನ ಫೋನಿನಲ್ಲಿ "ICE ಅಪ್ಪ" ಅಂತ ನಂಬರ್ ಸೇವ್ ಆಗಿತ್ತು. ICE ಅಂದರೆ In Case of Emergency, ತುರ್ತು ಸಮಯಕ್ಕೆ ಅಂತ. ಹೀಗೆ ICE ಅಂತ ಸೇರಿಸಿ ಸೇವ್ ಮಾಡುವ ಪದ್ಧತಿಯನ್ನು 2005ರಲ್ಲಿ ಇಂಗ್ಲೆಂಡಿನ ಆಂಬುಲೆನ್ಸ್ ಸಿಬ್ಬಂದಿ ಬಾಬ್ ಬ್ರಾಚಿ ಶುರು ಮಾಡಿದರು. ಆ ಕಾಲದ ಕೀಪ್ಯಾಡ್ ಫೋನುಗಳಿಗೆ ಅದು ಒಳ್ಳೆಯ ಉಪಾಯ, ಯಾರು ಬೇಕಾದರೂ ಕಾಂಟ್ಯಾಕ್ಟ್ಸ್ ತೆರೆದು ನೋಡಬಹುದಿತ್ತು. ಈಗ ಕಾಂಟ್ಯಾಕ್ಟ್ಸ್ ಇರುವುದೇ ಲಾಕಿನ ಹಿಂದೆ. ಹೆಸರಿನ ಮುಂದೆ ICE ಅಂತ ಬರೆದರೂ ಒಂದೇ, AAA ಅಂತ ಬರೆದರೂ ಒಂದೇ. ಪಾಪ, ಅಲ್ಲಿದ್ದ ಒಬ್ಬರು ಸಿಮ್ ತೆಗೆದು ತಮ್ಮ ಫೋನಿಗೆ ಹಾಕಿ ನೋಡಿದ್ದರಂತೆ. ನಂಬರುಗಳೆಲ್ಲ ಗೂಗಲ್ ಖಾತೆಯಲ್ಲಿ ಇದ್ದದ್ದರಿಂದ ಸಿಮ್ಮಿನಲ್ಲಿ ಕಂಪನಿಯವರ ಕಸ್ಟಮರ್ ಕೇರ್ ನಂಬರ್ ಬಿಟ್ಟರೆ ಬೇರೇನೂ ಇರಲಿಲ್ಲ. ಸಿಮ್ ಹೊರಗಿದ್ದಷ್ಟು ಹೊತ್ತು ನಾವು ಮಾಡಿದ ಕರೆಯೂ ಆ ಫೋನಿಗೆ ಹೋಗಲಿಲ್ಲ.

ಹಾಕಿಕೊಳ್ಳುವುದಕ್ಕೆ ಹತ್ತು ನಿಮಿಷ ಸಾಕು. ಆಂಡ್ರಾಯ್ಡ್‌ನಲ್ಲಿ Settings ಒಳಗೆ Safety & emergency ಅಂತ ಇರುತ್ತದೆ, ಅದರಲ್ಲಿ Emergency contacts ಮತ್ತು Medical info. ಒಂದೊಂದು ಕಂಪನಿ ಒಂದೊಂದು ಹೆಸರು ಇಟ್ಟಿರುವುದರಿಂದ, ಸಿಗದಿದ್ದರೆ Settings ಮೇಲಿನ ಹುಡುಕುವ ಜಾಗದಲ್ಲಿ emergency ಅಂತ ಬರೆದರೆ ಬರುತ್ತದೆ. ಲಾಕ್ ಆಗಿದ್ದಾಗಲೂ ತೋರಿಸು ಅನ್ನುವ ಸ್ವಿಚ್ ಬೇರೆ ಇದ್ದರೆ ಅದನ್ನೂ ಆನ್ ಮಾಡಬೇಕು. ಐಫೋನಿನಲ್ಲಿ Health ಆ್ಯಪ್ ತೆರೆದು, ಮೇಲಿನ ನಮ್ಮ ಚಿತ್ರ ಒತ್ತಿ, Medical ID, ಆಮೇಲೆ Edit. ಅಲ್ಲಿ Show When Locked ಆನ್ ಇರಬೇಕು, ಕೆಳಗೆ ತುರ್ತು ನಂಬರ್ ಸೇರಿಸಿ ಸಂಬಂಧ ಆರಿಸಿಕೊಳ್ಳಬೇಕು. ಎತ್ತಿಕೊಂಡವರು ಮಾಡಬೇಕಾದದ್ದು ಇಷ್ಟು: ಲಾಕ್ ಪರದೆಯನ್ನು ಮೇಲಕ್ಕೆ ಸರಿಸಿದರೆ ಪಿನ್ ಕೇಳುವ ಜಾಗದಲ್ಲಿ Emergency ಅಂತ ಇರುತ್ತದೆ, ಅದನ್ನು ಒತ್ತಿ, ಒಳಗೆ Medical ID ಅಥವಾ ತುರ್ತು ಮಾಹಿತಿ ಒತ್ತಿ, ಕಂಡ ಹೆಸರಿನ ಮೇಲೆ ಬೆರಳಿಟ್ಟರೆ ನಮ್ಮ ಫೋನಿನಿಂದಲೇ ಕರೆ ಹೋಗುತ್ತದೆ.

ಇಲ್ಲಿ ಹೆಸರು ಹೇಗೆ ಸೇವ್ ಆಗಿದೆಯೋ ಹಾಗೇ ಕಾಣಬಹುದು ಅನ್ನುವುದು ನನಗೆ ಹೊಳೆದಿರಲಿಲ್ಲ. ಹೆಂಡತಿಯ ನಂಬರ್ ನನ್ನ ಫೋನಿನಲ್ಲಿ "ಚಿನ್ನು" ಅಂತ ಇತ್ತು. ರಸ್ತೆಯಲ್ಲಿ ಎತ್ತಿಕೊಂಡವರಿಗೆ ಚಿನ್ನು ಅಂದರೆ ಐದು ವರ್ಷದ ಮಗುವೋ, ಸಾಕಿದ ನಾಯಿಯೋ, ಏನಂತ ಗೊತ್ತಾಗಬೇಕು? ಈಗ "ಹೆಂಡತಿ Wife" ಅಂತ ಇದೆ. ಅವಳಿಗೆ ಅಷ್ಟೇನೂ ಇಷ್ಟವಾಗಲಿಲ್ಲ.

ಎಲ್ಲ ಹಾಕಿದ ಮೇಲೆ ಒಂದು ಪರೀಕ್ಷೆ ಮಾಡಿದೆ. ಲಾಕ್ ಮಾಡಿದ ಫೋನನ್ನು ನಮ್ಮ ವಾಚ್‌ಮನ್‌ಗೆ, ಪಿಯುಸಿ ಓದುವ ಅಣ್ಣನ ಮಗನಿಗೆ, ಎದುರು ಮನೆಯ ನರ್ಸ್ ಅಕ್ಕನಿಗೆ ಕೊಟ್ಟು, ನಾನು ಬಿದ್ದಿದ್ದೇನೆ, ಮನೆಗೆ ಫೋನ್ ಮಾಡಿ ಅಂದೆ. ಹುಡುಗ ಸ್ವಲ್ಪ ತಡಕಾಡಿ ಕಂಡುಹಿಡಿದ. ವಾಚ್‌ಮನ್ ನನ್ನ ಬೆರಳು ಹಿಡಿದು ಹಿಂಭಾಗಕ್ಕೆ ಒತ್ತಲು ನೋಡಿದರು. ನರ್ಸ್ ಅಕ್ಕ, "ನಾವ್ ಇದೆಲ್ಲಾ ಮಾಡೂದಿಲ್ರಿ, ಮನ್ಯಾವ್ರದ ಫೋನ್ ಬರೂತನಕಾ ಕಾಯ್ತೀವಿ" ಅಂದರು. ಆ ಮಾತೇ ನನ್ನನ್ನು ಎರಡನೆಯ ಉಪಾಯಕ್ಕೆ ತಂದದ್ದು.

ಆ ಉಪಾಯ ಅಂದರೆ ಲಾಕ್ ಪರದೆಯ ಮೇಲೇ ನಂಬರ್ ಬರೆದುಬಿಡುವುದು. ಆಂಡ್ರಾಯ್ಡ್‌ನಲ್ಲಿ ಲಾಕ್ ಪರದೆಯ ಸೆಟ್ಟಿಂಗಿನಲ್ಲೇ Add text on lock screen ಅಥವಾ Contact information ಅಂತ ಸಿಗುತ್ತದೆ. ಐಫೋನಿನಲ್ಲಿ ಹಾಗೆ ಬರೆಯುವ ಜಾಗ ಇಲ್ಲ, ಹಾಗಾಗಿ ನಂಬರ್ ಬರೆದ ಚಿತ್ರವನ್ನೇ ವಾಲ್‌ಪೇಪರ್ ಮಾಡಿದೆವು. ಮೊದಲ ಸಲ ನಂಬರನ್ನು ಚಿತ್ರದ ಕೆಳಭಾಗದಲ್ಲಿ ಬರೆದಿದ್ದೆ, ವಾಟ್ಸಾಪ್ ಮೆಸೇಜು ಬಂದು ಬಂದು ಅದರ ಮೇಲೇ ಕೂತವು. ಗಡಿಯಾರದ ಸ್ವಲ್ಪ ಕೆಳಗೆ ಬರೆದ ಮೇಲೆ ಸರಿಹೋಯಿತು. ನನ್ನದರಲ್ಲಿ ಎರಡೇ ನಂಬರ್: ಅಪ್ಪ, ಹೆಂಡತಿ. ಪದಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇವೆ, ಅಂಕಿ ಮಾತ್ರ ಇಂಗ್ಲಿಷಿನವು, ಏಕೆಂದರೆ ನಮ್ಮ ಬೈಪಾಸಿನಲ್ಲಿ ಓಡಾಡುವ ಲಾರಿಯವರೆಲ್ಲ ಕನ್ನಡ ಓದುವವರಲ್ಲ. ಹೀಗೆ ಬರೆದರೆ ನಂಬರ್ ಎಲ್ಲರಿಗೂ ಕಾಣುತ್ತದೆ ಅನ್ನುವುದು ನಿಜ. ಹೆಂಡತಿಯ ಫೋನಿನಲ್ಲಿ ಅದಕ್ಕೇ ನನ್ನ ನಂಬರ್ ಮತ್ತು ಅವಳ ಅಣ್ಣನ ನಂಬರ್ ಮಾತ್ರ ಇವೆ, ಅವಳ ಅಮ್ಮನದು ಬೇಡ ಅಂದಳು.

ಇನ್ನು 2023ರ ಜುಲೈ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬರುವಾಗ, ಸಂಜೆ ಜಿಟಿಜಿಟಿ ಮಳೆಯಲ್ಲಿ, ನವಲೂರಿನ ಹತ್ತಿರ ಗಾಡಿ ಜಾರಿತು. ಹೆಲ್ಮೆಟ್ ಇತ್ತು, ತಲೆಗೆ ದೊಡ್ಡ ಪೆಟ್ಟಾಗಲಿಲ್ಲ, ಕಾಲರ್ ಬೋನ್ ಮುರಿಯಿತು. ಸುಮಾರು ಅರ್ಧ ಗಂಟೆಯ ನೆನಪು ಈಗಲೂ ಇಲ್ಲ. ಎಚ್ಚರ ಇತ್ತಂತೆ, ಹೆಸರು ಕೇಳಿದರೆ ಹೇಳುತ್ತಿದ್ದೆನಂತೆ, ಆದರೆ ಫೋನಿನ ಪ್ಯಾಟರ್ನ್ ಕೇಳಿದರೆ ಗಾಳಿಯಲ್ಲಿ ಏನೋ ಗೀಚುತ್ತಿದ್ದೆನಂತೆ. ಬೆರಳೆಲ್ಲ ಕೆಸರು, ಫಿಂಗರ್‌ಪ್ರಿಂಟ್ ಹಿಡಿಯಲಿಲ್ಲ. ರಸ್ತೆ ಪಕ್ಕದ ಚಹಾ ಅಂಗಡಿಯವರು ಫೋನ್ ಒರೆಸಿ ನೋಡಿದಾಗ ಅದರ ಮೇಲಿದ್ದ ನಂಬರ್ ಕಂಡಿದೆ. ತಮ್ಮ ಫೋನಿನಿಂದ ಮೊದಲನೆಯ ನಂಬರಿಗೆ ಕರೆ ಮಾಡಿದರು.

ಅಪ್ಪ ಕಟ್ ಮಾಡಿದರು. ಮತ್ತೆ ಮಾಡಿದರು, ಮತ್ತೆ ಕಟ್. ಗೊತ್ತಿಲ್ಲದ ನಂಬರ್ ಅಂದರೆ ಸಾಲ ಬೇಕಾ, ಸೈಟ್ ಬೇಕಾ ಅನ್ನುವವರೇ ಅಂತ ಅಪ್ಪನ ತೀರ್ಮಾನ. ಎತ್ತಬೇಡಿ, ಬ್ಯಾಂಕಿನ ಮೋಸ ಇರುತ್ತದೆ ಅಂತ ಅವರಿಗೆ ಪಾಠ ಹೇಳಿದವನೂ ನಾನೇ. ಎರಡನೆಯ ನಂಬರಿಗೆ ಮಾಡಿದಾಗ ಹೆಂಡತಿ ಎತ್ತಿದಳು. "ಅಕ್ಕಾರ, ಗಾಬರಿ ಆಗಬ್ಯಾಡ್ರಿ, ನಿಮ್ಮ ಮನ್ಯಾವ್ರು ಗಾಡಿ ಮ್ಯಾಲಿಂದ ಬಿದ್ದಾರ, ಮಾತಾಡಾಕತ್ತಾರ" ಅಂದರಂತೆ. ನಾನು ಮಾತಾಡುತ್ತಿದ್ದೇನೆ ಅನ್ನುವುದನ್ನು ಅಷ್ಟು ಬೇಗ ಹೇಳಿದ್ದಕ್ಕೆ ಅವಳು ಈಗಲೂ ಅವರನ್ನು ನೆನೆಯುತ್ತಾಳೆ. 108 ಬರುವಷ್ಟರಲ್ಲಿ ಅವಳು ಮನೆಯಿಂದ ಹೊರಟಾಗಿತ್ತು.

ಅಲ್ಲಿಗೆ ನನಗೆ ಎರಡೂ ಉಪಾಯಗಳ ವ್ಯತ್ಯಾಸ ಸರಿಯಾಗಿ ಗೊತ್ತಾಯಿತು. ಲಾಕ್ ಪರದೆಯ ನಂಬರನ್ನು ಯಾರಾದರೂ ಓದುತ್ತಾರೆ, ಆದರೆ ಕರೆ ಅವರ ಫೋನಿನಿಂದ ಬರುತ್ತದೆ, ಮನೆಯವರು ಎತ್ತದೆ ಇರಬಹುದು. Emergency ಒಳಗಿನ ಪಟ್ಟಿಯಿಂದ ಮಾಡಿದರೆ ನಮ್ಮ ಹೆಸರೇ ಮನೆಯವರ ಪರದೆಯಲ್ಲಿ ಕಾಣುತ್ತದೆ, ಖಂಡಿತ ಎತ್ತುತ್ತಾರೆ, ಆದರೆ ಆ ದಾರಿ ತಿಳಿದವರು ಕಡಿಮೆ. ನಾಲ್ಕು ವರ್ಷದಲ್ಲಿ ಅಪರಿಚಿತರು ಆ ಪಟ್ಟಿಯನ್ನು ತೆರೆದದ್ದು ಒಮ್ಮೆಯೂ ಇಲ್ಲ. ಆಸ್ಪತ್ರೆಯಲ್ಲೂ ಯಾರೂ ನೋಡಲಿಲ್ಲ. ನಾನು ಜಂಬದಿಂದ ತುಂಬಿಸಿದ್ದ ಬ್ಲಡ್ ಗ್ರೂಪ್ ಅಂತೂ ಕೆಲಸಕ್ಕೇ ಬರುವುದಿಲ್ಲ: ರಕ್ತ ಕೊಡುವ ಮೊದಲು ಅವರೇ ಗುಂಪು ಪರೀಕ್ಷಿಸಿ ಕ್ರಾಸ್ ಮ್ಯಾಚ್ ಮಾಡುತ್ತಾರೆ, ಫೋನ್ ನಂಬಿ ಯಾರೂ ರಕ್ತ ಏರಿಸುವುದಿಲ್ಲ. ಪೆನಿಸಿಲಿನ್ ಅಲರ್ಜಿ, ರಕ್ತ ತೆಳುವಾಗಿಸುವ ಮಾತ್ರೆ, ಇನ್ಸುಲಿನ್ ಇಂಥವು ಇದ್ದರೆ ಬರೆಯುವುದಕ್ಕೆ ಅರ್ಥ ಇದೆ. ಹಾಗಂತ ಪಟ್ಟಿ ಬೇಡ ಅನ್ನುವುದಿಲ್ಲ, ಎರಡೂ ಇರಲಿ. ನನ್ನ ಲಾಕ್ ಪರದೆಯಲ್ಲಿ ಈಗ ನಂಬರಿನ ಪಕ್ಕದಲ್ಲೇ "Emergency ಒತ್ತಿ" ಅಂತಲೂ ಬರೆದಿದ್ದೇನೆ.

ಕೈಕೊಡುವ ಕಡೆಗಳೂ ಇವೆ. 2024ರಲ್ಲಿ ಹೊಸ ಫೋನ್ ಕೊಂಡಾಗ ಫೋಟೊ, ಆ್ಯಪ್, ಹಳೆಯ ಮೆಸೇಜು ಎಲ್ಲ ಬಂದವು, ತುರ್ತು ನಂಬರಿನ ಜಾಗ ಮಾತ್ರ ಖಾಲಿ. ನಾನು ಗಮನಿಸಿದ್ದು ಆರು ವಾರದ ಮೇಲೆ. ಅಣ್ಣನ ಮಗನ ಫೋನಿನಲ್ಲಿ ಬೇರೆಯದೇ ಕಥೆ. ಪಟ್ಟಿಯೆಲ್ಲ ಸರಿಯಾಗಿತ್ತು, ಹೆಸರಿನ ಮೇಲೆ ಒತ್ತಿದರೆ ರೀಚಾರ್ಜ್ ಮುಗಿದಿದೆ ಅಂತ ಹೆಣ್ಣು ಧ್ವನಿ. 112ಕ್ಕೆ ಕರೆ ಹೋಗುವುದು ಬೇರೆ ಮಾತು, ಮನೆಯವರ ನಂಬರಿಗೆ ಹೋಗುವುದು ಸಾಮಾನ್ಯ ಕರೆಯೇ, ಪ್ಲಾನ್ ಮುಗಿದಿದ್ದರೆ ಹೋಗುವುದಿಲ್ಲ. ಇನ್ನೊಂದು, ಫೋನ್ ಆಫ್ ಆಗಿ ಆನ್ ಆದ ಮೇಲೆ ಒಮ್ಮೆಯೂ ಲಾಕ್ ತೆಗೆಯದಿದ್ದರೆ, ಒಳಬರುವ ಕರೆಯಲ್ಲಿ "ಅಪ್ಪ" ಅಂತ ಕಾಣದೆ ಬರೀ ನಂಬರ್ ಕಾಣಬಹುದು, ಏಕೆಂದರೆ ಆಗ ಕಾಂಟ್ಯಾಕ್ಟ್ಸ್ ಇನ್ನೂ ತೆರೆದಿರುವುದಿಲ್ಲ. ಬಿದ್ದ ರಭಸಕ್ಕೆ ಫೋನ್ ರೀಸ್ಟಾರ್ಟ್ ಆಗುವುದೂ ಉಂಟು. ಪರದೆಯೇ ಒಡೆದುಹೋದರಂತೂ ಇದ್ಯಾವುದೂ ಇಲ್ಲ. ಅದಕ್ಕೆ ಹೆಲ್ಮೆಟ್ಟಿನ ಒಳಗೆ ಅದೇ ಎರಡು ನಂಬರ್ ಬರೆದ ಚೀಟಿ ಅಂಟಿಸಿದ್ದೇನೆ. ಬೆಲೆ, ಒಂದು ತುಂಡು ಸೆಲ್ಲೋ ಟೇಪ್.

ನೀವು ಪರೀಕ್ಷಿಸುವಾಗ ಬೆರಳು ಇಡಬೇಡಿ, ಮುಖ ನೋಡಿ ತೆರೆಯುವ ಫೋನಾದರೆ ಅದನ್ನು ಬೇರೆ ಕಡೆ ತಿರುಗಿಸಿ ಹಿಡಿಯಿರಿ. ಇಲ್ಲವಾದರೆ ಲಾಕ್ ತಾನೇ ತೆಗೆದುಕೊಳ್ಳುತ್ತದೆ, ಪರೀಕ್ಷೆ ಆದಂತೆ ಅಲ್ಲ. ಹೆಸರಿನ ಮೇಲೆ ಒತ್ತಿದರೆ ನಿಜವಾಗಿಯೂ ಕರೆ ಹೋಗುತ್ತದೆ, ಮನೆಯವರಿಗೆ ಮೊದಲೇ ಹೇಳಿರಿ. ನಿತ್ಯ ನಿಮ್ಮ ಗಾಡಿಯ ಹಿಂದೆ ಕೂರುವವರ ನಂಬರ್ ಒಂದನ್ನೇ ಹಾಕಬೇಡಿ, ಬಿದ್ದರೆ ಅವರೂ ಜೊತೆಗೇ ಬಿದ್ದಿರುತ್ತಾರೆ. ನಾನು ಇದನ್ನೆಲ್ಲ ನೋಡುವುದು ರೀಚಾರ್ಜ್ ಮಾಡುವ ದಿನ.

ಅಂಕ ಕೊಡುವುದಾದರೆ ಲಾಕ್ ಪರದೆಯ ಬರಹಕ್ಕೆ ಐದಕ್ಕೆ ನಾಲ್ಕೂವರೆ, Emergency ಒಳಗಿನ ಪಟ್ಟಿಗೆ ಮೂರು. ಪಟ್ಟಿಯನ್ನು ಅಷ್ಟು ಒಳಗೆ ಬಚ್ಚಿಟ್ಟದ್ದಕ್ಕೆ ಎರಡು ಕಳೆದಿದ್ದೇನೆ.

ಅಪ್ಪ ಈಗ ಗೊತ್ತಿಲ್ಲದ ನಂಬರ್ ಎರಡನೆಯ ಸಲ ಬಂದರೆ ಎತ್ತುತ್ತಾರೆ. ಮೊನ್ನೆ ಹಾಗೆ ಎತ್ತಿ, ದೇವನಹಳ್ಳಿ ಹತ್ತಿರ ಸೈಟ್ ಮಾರುವವನ ಮಾತನ್ನು ಕೊನೆಯತನಕ ಕೇಳಿ, "ಆತು ಬಿಡಪಾ, ನಮ್ಮ ಹುಡುಗಗ ಏನೂ ಆಗಿಲ್ಲಲ್ಲ?" ಅಂತ ಕೇಳಿ ಇಟ್ಟರು.