ರೌಟರ್‌ಗೆ ಮಿನಿ ಯುಪಿಎಸ್ ತಗೊಳ್ಳೋರು ಇದನ್ನೊಮ್ಮೆ ಓದಿ

ಮಿನಿ ಯುಪಿಎಸ್ ಡಬ್ಬಿ ಮೇಲೆ ‘4 ಗಂಟೆ ಬ್ಯಾಕಪ್’ ಅಂತ ಬರೆದಿದ್ದರೆ ದಯವಿಟ್ಟು ನಂಬಬೇಡಿ. ನಮ್ಮ ಮನೆಗೆ ಬಂದದ್ದು ಮುಕ್ಕಾಲು ಗಂಟೆಯೂ ನಡೆಯಲಿಲ್ಲ. ದುಡ್ಡೂ ವಾಪಸ್ ಬರಲಿಲ್ಲ.

ನಾವಿರುವುದು ಬೆಂಗಳೂರಿನ ವಿದ್ಯಾರಣ್ಯಪುರದ ಕಡೆ. ಮಳೆ ಶುರುವಾದರೆ ಎಲ್ಲೋ ಒಂದು ಕೊಂಬೆ ಮುರಿದು ತಂತಿ ಮೇಲೆ ಬಿದ್ದು ಕರೆಂಟ್ ಹೋಗುತ್ತದೆ, ಅದೂ ಸಂಜೆ ಹೊತ್ತಿಗೆ, ನನ್ನ ಹೆಂಡತಿಯ ಆಫೀಸ್ ಮೀಟಿಂಗ್ ನಡೆಯುವ ಸಮಯಕ್ಕೆ ಸರಿಯಾಗಿ. ಅದಕ್ಕೇ ಫೆಬ್ರವರಿಯಲ್ಲೇ ಆನ್‌ಲೈನ್‌ನಲ್ಲಿ ಒಂದು ತರಿಸಿದೆವು. 12 ವೋಲ್ಟ್, 2 ಆಂಪ್, 10,400 ಎಂಎಎಚ್. ಜೊತೆಗೆ ಕವಲೊಡೆದ ಒಂದು ಕೇಬಲ್. ಫೈಬರ್ ಬಂದು ಸೇರುವ ಒಎನ್‌ಟಿ ಡಬ್ಬಿ, ವೈಫೈ ರೌಟರ್, ಎರಡನ್ನೂ ಒಂದರಲ್ಲೇ ನಡೆಸಬಹುದು ಅಂತ ಮಾರುವವರೇ ಬರೆದಿದ್ದರು.

ಏಪ್ರಿಲ್‌ನ ಮೊದಲ ಮಳೆಗೆ ಬಂಡವಾಳ ಬಯಲಾಯಿತು. ಕರೆಂಟ್ ಹೋದ ತಕ್ಷಣ ಎರಡೂ ಆಫ್ ಆಗಿ ಮತ್ತೆ ಆನ್ ಆದವು. ಫೈಬರ್ ಸಂಪರ್ಕ ಸಿಕ್ಕಿದೆ ಅಂತ ತೋರಿಸುವ ಒಎನ್‌ಟಿಯ ಪಾನ್ ದೀಪ ಮಿಣುಕಿ ಮಿಣುಕಿ ಸ್ಥಿರವಾಗಲು ಎರಡು ಮೂರು ನಿಮಿಷ ಬೇಕು, ಅಷ್ಟರಲ್ಲಿ ಮೀಟಿಂಗ್ ಕಟ್. ಆಮೇಲೆ ಹೇಗೋ ನಡೆದು, ಮುಕ್ಕಾಲು ಗಂಟೆಗೆ ಮುಂಚೆಯೇ ಪೂರ್ತಿ ಸತ್ತುಹೋಯಿತು. ಮಾರಿದವರಿಗೆ ಹೇಳಿದರೆ ‘ನಿಮ್ಮ ರೌಟರ್ ಸರಿ ಇಲ್ಲ, ರಿಟರ್ನ್ ಅವಧಿಯೂ ಮುಗಿದಿದೆ’ ಅಂದರು.

ಈ ಲೆಕ್ಕ ಎಲ್ಲರಿಗೂ ಗೊತ್ತಿರಬೇಕು. ಡಬ್ಬಿ ಮೇಲಿನ ಎಂಎಎಚ್ ಒಳಗಿನ ಸೆಲ್‌ಗಳದ್ದು, ಅವುಗಳ ವೋಲ್ಟೇಜ್ 3.7. ನಮ್ಮ ರೌಟರ್ ತಗೊಳ್ಳುವುದು 12 ವೋಲ್ಟ್. 10,400 ಎಂಎಎಚ್ ಅಂದರೆ 10.4 ಆಂಪ್-ಅವರ್. ಹಾಗಾಗಿ ಅದನ್ನು 3.7ರಿಂದ ಗುಣಿಸಿ, ಸುಮಾರು 38 ವ್ಯಾಟ್-ಅವರ್ ಬರುತ್ತದೆ. 12 ವೋಲ್ಟ್‌ಗೆ ಏರಿಸುವಾಗ ಸ್ವಲ್ಪ ಶಾಖವಾಗಿ ಹೋಗುತ್ತದೆ, ಕೈಗೆ ಸಿಗುವುದು 32 ಅಂತ ಇಟ್ಟುಕೊಳ್ಳಿ. ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರು ವ್ಯಾಟ್ ಮೀಟರ್ ಹಾಕಿ ನೋಡಿದಾಗ ನಮ್ಮ ಎರಡು ಡಬ್ಬಿ ಸೇರಿ 13 ವ್ಯಾಟ್ ತಗೊಳ್ಳುತ್ತಿದ್ದವು. 32 ಭಾಗಿಸು 13, ಹತ್ತಿರ ಹತ್ತಿರ ಎರಡೂವರೆ ಗಂಟೆ. ಅಂದರೆ ಸೆಲ್‌ಗಳು ಹೊಚ್ಚ ಹೊಸದಾಗಿದ್ದು, ಬರೆದದ್ದೆಲ್ಲ ನಿಜವಾಗಿದ್ದರೂ ನಾಲ್ಕು ಗಂಟೆ ಸಾಧ್ಯವೇ ಇರಲಿಲ್ಲ!

ಆದರೆ ನಮಗೆ ಸಿಕ್ಕಿದ್ದು ಅದರಲ್ಲಿ ಮೂರನೇ ಒಂದು ಭಾಗವೂ ಅಲ್ಲ. ಎಸ್.ಪಿ. ರೋಡ್‌ನಲ್ಲಿ ರಿಪೇರಿಯವರ ಹತ್ತಿರ ಬಿಚ್ಚಿಸಿದಾಗ ಒಳಗೆ ನಾಲ್ಕು ಸೆಲ್, ಒಂದೊಂದು ಒಂದೊಂದು ಬಣ್ಣ, ಒಂದರ ಹೊದಿಕೆ ಕಿತ್ತುಬಂದಿತ್ತು. ಅವರು ಒಂದೊಂದನ್ನೂ ಅಳೆದು ನೋಡಿ ‘ಎಲ್ಲ ಹಳೇ ಸೆಲ್ ಸಾರ್, ಬೇರೆ ಎಲ್ಲಿಂದಲೋ ಕಿತ್ತಿರೋದು’ ಅಂದರು. ಲಿಥಿಯಂ ಸೆಲ್ ಇರುವ ಡಬ್ಬಿಯನ್ನು ಮನೆಯಲ್ಲಿ ನೀವೇ ಬಿಚ್ಚಲು ಹೋಗಬೇಡಿ, ಸ್ಕ್ರೂಡ್ರೈವರ್ ತಾಗಿ ಶಾರ್ಟ್ ಆದರೆ ಬೆಂಕಿ ಹತ್ತಬಹುದು.

ಶುರುವಿನಲ್ಲೇ ರೀಸ್ಟಾರ್ಟ್ ಆದದ್ದಕ್ಕೂ ಇದೇ ಕಾರಣ. ನಮ್ಮ ಒಎನ್‌ಟಿ ಅಡಾಪ್ಟರ್ ಮೇಲೆ 1 ಆಂಪ್, ರೌಟರ್‌ನದ್ದರ ಮೇಲೆ 1.5 ಆಂಪ್ ಅಂತ ಇದೆ. ಒಟ್ಟು 2.5, ಯುಪಿಎಸ್ ಕೊಡುವುದು 2. ದಿನನಿತ್ಯ ಅಷ್ಟು ಎಳೆಯುವುದಿಲ್ಲ, ನಿಜ. ಆದರೆ ಕರೆಂಟ್ ಹೋದ ಕ್ಷಣದಲ್ಲಿ ಪೂರ್ತಿ ಭಾರ ಬ್ಯಾಟರಿ ಮೇಲೆ ಬೀಳುತ್ತದೆ, ಹಳೇ ಸೆಲ್‌ಗಳ ವೋಲ್ಟೇಜ್ ಕುಸಿಯುತ್ತದೆ, ಆ ಒಂದು ಕುಸಿತ ಸಾಕು ಎರಡೂ ರೀಸ್ಟಾರ್ಟ್ ಆಗಲು. ಎರಡು ಅಡಾಪ್ಟರ್‌ಗಳ ಆಂಪ್ ಕೂಡಿಸಿ, ಅದಕ್ಕಿಂತ ಜಾಸ್ತಿ ಕೊಡುವಂಥದ್ದನ್ನೇ ತಗೊಳ್ಳಿ. ನಾವೀಗ ಒಂದೊಂದಕ್ಕೆ ಒಂದೊಂದು ಯುಪಿಎಸ್ ಇಟ್ಟಿದ್ದೇವೆ, ರೀಸ್ಟಾರ್ಟ್ ತೊಂದರೆ ಇಲ್ಲ. ವೋಲ್ಟೇಜನ್ನೂ ನೋಡಿ. ಕೆಲವು ರೌಟರ್ 9 ವೋಲ್ಟ್‌ದು, ಪಿನ್ ಮಾತ್ರ 12ರದ್ದರ ಹಾಗೇ ಕೂರುತ್ತದೆ, ಚುಚ್ಚಿದರೆ ರೌಟರ್ ಸುಟ್ಟುಹೋಗಬಹುದು.

ಎಲ್ಲಕ್ಕಿಂತ ಮುಖ್ಯ, ಕರೆಂಟ್ ಹೋಗಲಿ ಆಮೇಲೆ ನೋಡೋಣ ಅಂತ ಕಾಯಬೇಡಿ. ಬಂದ ದಿನ ರಾತ್ರಿಯಿಡೀ ಚಾರ್ಜ್ ಮಾಡಿ. ಮರುದಿನ ಮನೆಯವರೆಲ್ಲ ವೈಫೈ ಬಳಸುತ್ತಿರುವಾಗ ಗೋಡೆಯ ಸ್ವಿಚ್ ಆಫ್ ಮಾಡಿ, ಪಾನ್ ದೀಪ ಅಲುಗಾಡುತ್ತದಾ ನೋಡಿ, ಪೂರ್ತಿ ಖಾಲಿಯಾಗುವವರೆಗೆ ಸಮಯ ಬರೆದಿಟ್ಟುಕೊಳ್ಳಿ. ಲೆಕ್ಕಕ್ಕಿಂತ ತೀರಾ ಕಡಿಮೆ ಬಂದರೆ ಅವಧಿಯೊಳಗೇ ವಾಪಸ್ ಕಳಿಸಿ.

ಒಎನ್‌ಟಿ ಉರಿಯುತ್ತಿದ್ದು, ಅದರಲ್ಲಿ ಎಲ್ಒಎಸ್ ದೀಪ ಕೆಂಪಾದರೆ ಯುಪಿಎಸ್‌ನದ್ದು ತಪ್ಪಿಲ್ಲ, ಇಂಟರ್ನೆಟ್‌ನವರ ಕಡೆಯಿಂದ ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲ ಅಂತ ಅರ್ಥ. ಕರೆಂಟ್ ಹೋದಾಗಲೆಲ್ಲ ಹೀಗಾದರೆ ನಿಮ್ಮ ಇಂಟರ್ನೆಟ್‌ನವರನ್ನು ಕೇಳಿ, ಏರಿಯಾದಲ್ಲಿರುವ ಅವರ ಉಪಕರಣಕ್ಕೆ ಬ್ಯಾಟರಿ ಇದೆಯಾ ಅಂತ. ಇಲ್ಲ ಅಂದರೆ ಮನೆಯಲ್ಲಿ ಎಷ್ಟು ದೊಡ್ಡ ಯುಪಿಎಸ್ ಇಟ್ಟರೂ ದುಡ್ಡು ದಂಡ.