ನಿಂತಿದ್ದ ಕಾರನ್ನು ಎಬ್ಬಿಸುವಾಗ ಮಿನುಗುವ ಎಂಜಿನ್ ದೀಪವನ್ನು ಕಡೆಗಣಿಸಲು ಯಾರಿಗೂ ಬಿಡಬೇಡಿ

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಮಳೆಗಾಲಕ್ಕೆ ಮುಂಚೆ ನಿಲ್ಲಿಸಿದ್ದ ಪೆಟ್ರೋಲ್ ಕಾರನ್ನು ಸಂಕ್ರಾಂತಿಯ ನಂತರ ಚಾಲೂ ಮಾಡಲು ಒಂದು ಗ್ಯಾರೇಜಿನಿಂದ ಮೆಕ್ಯಾನಿಕ್ ಒಬ್ಬರನ್ನು ಕರೆಸಿದ್ದೆವು. ಆ ದಿನದ ಕೆಲಸದಿಂದ ಕಾರಿನ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಯಿತು. ಇಂಥದೇ ಸ್ಥಿತಿಯಲ್ಲಿ ಕಾರು ಇಟ್ಟುಕೊಂಡಿರುವವರಿಗೆ ತಿಳಿದಿರಲಿ ಎಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ಬ್ಯಾಟರಿ ಪೂರ್ತಿ ಕುಸಿದಿತ್ತು. ಅವರು ತಂದಿದ್ದ ಇನ್ನೊಂದು ಬ್ಯಾಟರಿಯಿಂದ ಜಂಪ್ ಕೊಟ್ಟು ಹಲವು ಬಾರಿ ಸೆಲ್ಫ್ ಹೊಡೆದ ಮೇಲೆ ಎಂಜಿನ್ ಹತ್ತಿತು, ಆದರೆ ಎಬಿಎಸ್, ಸ್ಟೀರಿಂಗ್, ಬ್ಯಾಟರಿ ಮತ್ತು ಎಂಜಿನ್ ದೀಪಗಳು ಒಟ್ಟಿಗೆ ಉರಿಯುತ್ತಲೇ ಉಳಿದವು. ಸ್ಕ್ಯಾನರ್ ಹಾಕಿ ನೋಡಿದವರು, "ಎಬಿಎಸ್ ಮಾಡ್ಯೂಲ್ ಹೋಗಿದೆ ಸರ್, ಸ್ಟೀರಿಂಗ್ ಮೋಟರ್ ಮೇಲೂ ಅನುಮಾನ ಇದೆ" ಎಂದರು. ಮರುಗಳಿಗೆಯಲ್ಲೇ ಕಾರು ದಾಖಲಿಸಿಕೊಂಡಿದ್ದ ಎಲ್ಲ ದೋಷದ ಕೋಡ್‌ಗಳನ್ನು ಅಳಿಸಿದರು. ಅದಕ್ಕೆ ಮುಂಚೆ ನನ್ನ ಹೆಂಡತಿ ಸ್ಕ್ಯಾನರ್ ಪರದೆಯ ಫೋಟೋ ತೆಗೆದಿಟ್ಟಿದ್ದಳು: P0562, U0121, P0300, P0302.

ಈ ನಾಲ್ಕರಲ್ಲಿ ಮೊದಲ ಎರಡು ಬ್ಯಾಟರಿಯ ಕತೆ, ಉಳಿದೆರಡು ಪೆಟ್ರೋಲಿನ ಕತೆ. P0562 ಎಂದರೆ ವ್ಯವಸ್ಥೆಯ ವೋಲ್ಟೇಜ್ ಕಡಿಮೆಯಾಗಿದೆ ಎಂದು, U0121 ಎಂದರೆ ಎಬಿಎಸ್ ಮಾಡ್ಯೂಲಿನೊಂದಿಗೆ ಸಂಪರ್ಕ ತಪ್ಪಿದೆ ಎಂದು. ಸೆಲ್ಫ್ ಹೊಡೆಯುವಾಗ ಸೋತ ಬ್ಯಾಟರಿಯ ವೋಲ್ಟೇಜ್ ಇನ್ನಷ್ಟು ಇಳಿಯುವುದರಿಂದ, ಏನೂ ಕೆಡದ ಮಾಡ್ಯೂಲ್‌ಗಳು ಕೂಡ ಕ್ಷಣಕಾಲ ಮೌನವಾಗಿ ಇಂಥ ಕೋಡ್‌ಗಳನ್ನು ಬಿಟ್ಟುಹೋಗುತ್ತವೆ. ಚಾರ್ಜ್ ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ತೋರಿಸಬೇಕು. ಜಂಪ್ ಕೊಡುವ ಬದಲು ಬ್ಯಾಟರಿಯನ್ನು ರಾತ್ರಿಯಿಡೀ ಚಾರ್ಜರಿಗೆ ಹಾಕಿ, ಅದು ಚಾರ್ಜ್ ಹಿಡಿಯದಿದ್ದರೆ ಬದಲಿಸಿ ಚಾಲೂ ಮಾಡಿದರೆ ಈ ದೀಪಗಳಲ್ಲಿ ಹೆಚ್ಚಿನವು ಹತ್ತುವುದೇ ಇಲ್ಲ. ಬ್ಯಾಟರಿಯ ಸಂಪರ್ಕ ತಪ್ಪಿದ್ದರಿಂದ ಸ್ಟೀರಿಂಗ್ ದೀಪ ಉಳಿದಿದ್ದರೆ, ಹಲವು ಕಾರುಗಳಲ್ಲಿ ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ಸ್ವಲ್ಪ ದೂರ ನೇರವಾಗಿ ಓಡಿಸಿದರೆ ಅದು ಆರುತ್ತದೆ. ಅಷ್ಟಾದ ಮೇಲೂ ಎಬಿಎಸ್ ದೀಪ ಉರಿಯುತ್ತಿದ್ದರೆ ಮಾತ್ರ ಮಾಡ್ಯೂಲಿನ ಮಾತು ಎತ್ತಬೇಕು. ಕೆಂಪು ಬಣ್ಣದ ಆಯಿಲ್ ದೀಪಕ್ಕೆ ಈ ವಿನಾಯಿತಿ ಇಲ್ಲ. ಅದು ಕೆಲವೇ ಸೆಕೆಂಡುಗಳಲ್ಲಿ ಆರದಿದ್ದರೆ ಎಂಜಿನ್ ಬಂದ್ ಮಾಡಬೇಕು.

ನಮ್ಮ ನಷ್ಟಕ್ಕೆ ಕಾರಣವಾದದ್ದು P0300 ಮತ್ತು P0302. ಒಂದಕ್ಕಿಂತ ಹೆಚ್ಚು ಸಿಲಿಂಡರುಗಳಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ, ಎರಡನೆಯದರಲ್ಲಂತೂ ಖಂಡಿತ ಇಲ್ಲ ಎಂಬುದು ಅವುಗಳ ಅರ್ಥ. ಕೋಡ್ ಅಳಿಸಿದ ಸ್ವಲ್ಪ ಹೊತ್ತಿಗೇ ಕಾರು ಗಡಗಡ ನಡುಗತೊಡಗಿತು, ಹಳದಿ ಎಂಜಿನ್ ದೀಪ ಈ ಬಾರಿ ಸ್ಥಿರವಾಗಿ ಉರಿಯದೆ ಮಿನುಗತೊಡಗಿತು. ಈ ವ್ಯತ್ಯಾಸವೇ ಮುಖ್ಯ. ಸ್ಥಿರವಾಗಿ ಉರಿಯುವ ದೀಪ ಪರೀಕ್ಷೆ ಮಾಡಿಸಿ ಎನ್ನುತ್ತದೆ. ಮಿನುಗುವ ದೀಪ, ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಗೆ ಇಳಿದು ಕನ್ವರ್ಟರಿನೊಳಗೆ ಹೊತ್ತಿಕೊಳ್ಳುತ್ತಿದೆ, ಈಗಲೇ ನಿಲ್ಲಿಸಿ ಎನ್ನುತ್ತದೆ. "ಹಳೇ ಪೆಟ್ರೋಲ್ ಸರ್, ಓಡಿಸಿದರೆ ಕ್ಲಿಯರ್ ಆಗುತ್ತೆ" ಎಂದು ಮೆಕ್ಯಾನಿಕ್ ಅದೇ ಸ್ಥಿತಿಯಲ್ಲಿ ಕಾರನ್ನು ರಿಂಗ್ ರೋಡಿನ ಮೇಲೆ ಗ್ಯಾರೇಜಿನವರೆಗೆ ಓಡಿಸಿಕೊಂಡು ಹೋದರು. ಟೋ ಮಾಡಿಸೋಣ ಎಂದು ನಾವು ಹೇಳಿದ್ದನ್ನು ಕೇಳಲಿಲ್ಲ.

ಪೆಟ್ರೋಲ್ ಹಳೆಯದು ಎಂಬ ಅವರ ಮಾತು ನಿಜವೇ ಆಗಿತ್ತು, ಓಡಿಸಿದರೆ ಸರಿಹೋಗುತ್ತದೆ ಎಂಬುದು ಮಾತ್ರ ತಪ್ಪು. ಈಗಿನ ಪೆಟ್ರೋಲಿನಲ್ಲಿ ಬೆರೆಸಿರುವ ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಟ್ಯಾಂಕ್ ಅರೆಬರೆ ತುಂಬಿದ್ದರೆ ಇನ್ನೂ ಹೆಚ್ಚು. ನೀರು ಒಂದು ಮಿತಿ ದಾಟಿದಾಗ ಎಥನಾಲ್ ಮತ್ತು ನೀರು ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಪಂಪು ಎಳೆಯುವುದೂ ತಳದಿಂದಲೇ. ಎರಡನೆಯ ವರ್ಕ್‌ಶಾಪಿನಲ್ಲಿ ಟ್ಯಾಂಕಿನಿಂದ ಇಳಿಸಿದ್ದನ್ನು ಗಾಜಿನ ಬಾಟಲಿಗೆ ಸುರಿದು ಸ್ವಲ್ಪ ಹೊತ್ತು ಇಟ್ಟಾಗ ಕೆಳಗೆ ಎರಡು ಬೆರಳಷ್ಟು ಮಬ್ಬು ಪದರ ಎದ್ದು ಕಾಣುತ್ತಿತ್ತು, ವಾರ್ನಿಷಿನಂಥ ಹುಳಿ ವಾಸನೆಯೂ ಇತ್ತು. ಹೀಗೆ ಎರಡು ಪದರವಾದದ್ದಕ್ಕೆ ಹೊಸ ಪೆಟ್ರೋಲ್ ಬೆರೆಸಿ ಸಮಾಧಾನಪಟ್ಟುಕೊಳ್ಳಬಾರದು. ಸೆಲ್ಫ್ ಮುಟ್ಟುವ ಮೊದಲೇ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿಸಬೇಕು. ಪದರವಿಲ್ಲದೆ ವಾಸನೆ ಮಾತ್ರ ಕೊಂಚ ಬದಲಾಗಿದ್ದು ಟ್ಯಾಂಕಿನಲ್ಲಿ ಸ್ವಲ್ಪವೇ ಉಳಿದಿದ್ದರೆ, ಮೇಲೆ ಹೊಸತನ್ನು ತುಂಬಿಸುವುದು ಸಾಕಾಗಬಹುದು.

ಟ್ಯಾಂಕ್ ಶುಚಿ ಮಾಡಿ, ಇಂಜೆಕ್ಟರ್ ಮತ್ತು ಪ್ಲಗ್‌ಗಳನ್ನು ನೋಡಿದ ಮೇಲೆ ನಡುಕ ನಿಂತಿತು, ಆದರೆ ಏರಿನಲ್ಲಿ ಕಾರು ಉಸಿರುಗಟ್ಟಿದಂತೆ ಎಳೆಯುತ್ತಿತ್ತು. ಬಿಚ್ಚಿ ನೋಡಿದಾಗ ಕನ್ವರ್ಟರಿನ ಜೇನುಗೂಡಿನಂಥ ಒಳಭಾಗ ಒಂದು ಕಡೆ ಕರಗಿ ಮುಚ್ಚಿಹೋಗಿತ್ತು. ಮೊದಲ ಗ್ಯಾರೇಜಿನವರು ಅದು ಮುಂಚಿನಿಂದಲೇ ಕೆಟ್ಟಿದ್ದಿರಬೇಕೆಂದು ವಾದಿಸಿದರು. ಕೋಡ್ ಅಳಿಸಿದಾಗ ದೋಷ ಕಾಣಿಸಿಕೊಂಡ ಕ್ಷಣದ ದಾಖಲೆಯೂ ಅಳಿಸಿಹೋಗುವುದರಿಂದ, ಅದನ್ನು ಅಲ್ಲಗಳೆಯಲು ನಮ್ಮ ಬಳಿ ಪುರಾವೆ ಇರಲಿಲ್ಲ. ಫೋಟೋದಲ್ಲಿದ್ದ P0562 ತೋರಿಸಿದ ಮೇಲೆ ಎಬಿಎಸ್ ಮಾಡ್ಯೂಲಿನ ಅಂದಾಜುಪಟ್ಟಿಯನ್ನು ಕೈಬಿಟ್ಟರು; ಹೊಸ ಬ್ಯಾಟರಿ ಹಾಕಿದಂದಿನಿಂದ ಆ ದೀಪ ಮತ್ತೆ ಹತ್ತಿಲ್ಲ. ಕನ್ವರ್ಟರಿನ ಖರ್ಚು ಮಾತ್ರ ನಮ್ಮ ತಲೆಗೇ ಬಂತು.